ಹದಿನೆಂಟು ಲಕ್ಷದ ಮನೆಗೆ ತೆರಿಗೆ, ಇಪ್ಪತ್ನಾಲ್ಕು ಲಕ್ಷದ ಮನೆಗೆ ಸೊನ್ನೆ

ಕಾರವಾರದಲ್ಲಿ ಜುಲೈ ತಿಂಗಳು ಅಂದರೆ ನನಗೆ ಎರಡು ನೆನಪಾಗುತ್ತವೆ. ಒಂದು ನಿಲ್ಲದ ಮಳೆ, ಇನ್ನೊಂದು ಆದಾಯ ತೆರಿಗೆ ರಿಟರ್ನ್. ಪ್ಲಾಸ್ಟಿಕ್ ಕವರಿನೊಳಗೆ ಫಾರ್ಮ್ 16 ಇಟ್ಟುಕೊಂಡು, ಕೊಡೆ ಬಾಗಿಲಲ್ಲೇ ಒರಗಿಸಿ, ರಿಟರ್ನ್ ಹಾಕಿಸಲು ಜನ ನನ್ನಲ್ಲಿಗೆ ಬರುತ್ತಾರೆ. ಒಬ್ಬರ ಕವರಿನಲ್ಲಿ ಮಾತ್ರ ಫಾರ್ಮ್ 16ಕ್ಕಿಂತ ಬೇರೆ ಕಾಗದಗಳೇ ಜಾಸ್ತಿ ಇದ್ದವು. ತಾಯಿಯ ಡಯಾಲಿಸಿಸ್ ರಸೀದಿಗಳು, ಮಗನ ಅಂಗವಿಕಲತೆ ಸರ್ಟಿಫಿಕೇಟು, ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗಿಬಂದ ಬಾಡಿಗೆ ಕಾರಿನ ಬಿಲ್ಲುಗಳು. ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಹರಡಿದೆವು.

ಲೆಕ್ಕ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಶಿರಸಿಯ ನಮ್ಮ ಭಾವನ ಮನೇಲಿ ಗಂಡ ಹೆಂಡ್ತಿ ಇಬ್ರೂ ದುಡೀತಾರೆ. ನಮಗಿಂತ ಜಾಸ್ತಿ ಬರ್ತದೆ. ಅವ್ರಿಗೆ ಸೊನ್ನೆ, ನಂಗೆ ಒಂದೂವರೆ ಲಕ್ಷ. ಇದೆಂಥ ನ್ಯಾಯ ಮಾರಾಯ್ರೇ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಎರಡೂ ಮನೆಗಳ ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ತೆರಿಗೆಯ ಲೆಕ್ಕ ಮಾತ್ರ 2025-26ರ ಹಣಕಾಸು ವರ್ಷದ್ದು.

ತೆರಿಗೆಯ ನ್ಯಾಯ ಅಂದಾಗ ಅದರಲ್ಲಿ ಎರಡು ಬಗೆ ಇದೆ. ಪಕ್ಕ ಪಕ್ಕ ನಿಂತ ಇಬ್ಬರನ್ನು ಹೋಲಿಸುವುದು ಮೊದಲನೆಯದು. ಇಬ್ಬರ ಸ್ಥಿತಿ ಒಂದೇ ಆಗಿದ್ದರೆ ತೆರಿಗೆಯೂ ಒಂದೇ ಇರಬೇಕು. ಇದು ಸಮತಲ ನ್ಯಾಯ. ಮೆಟ್ಟಿಲ ಮೇಲೆ ಒಬ್ಬ, ಕೆಳಗೆ ಒಬ್ಬ ನಿಂತಿದ್ದರೆ ಅವರಿಬ್ಬರನ್ನು ಹೋಲಿಸುವುದು ಎರಡನೆಯದು. ಮೇಲಿನವನು ಜಾಸ್ತಿ ಕೊಡಬೇಕು, ಬರೀ ಜಾಸ್ತಿ ಅಲ್ಲ, ಅವನ ಶಕ್ತಿಗೆ ತಕ್ಕಷ್ಟು ಜಾಸ್ತಿ. ಇದು ಲಂಬ ನ್ಯಾಯ. ಕೇಳಲಿಕ್ಕೆ ಎರಡೂ ಸರಳ. ಆದರೆ ಯಾರು ಪಕ್ಕದಲ್ಲಿದ್ದಾರೆ, ಯಾರು ಮೇಲಿದ್ದಾರೆ ಅಂತ ನೋಡಲು ಹೋದಾಗಲೇ ಗಂಟು ಬೀಳುವುದು.

ಮೊದಲು ಕಾರವಾರದ ಮನೆ. ಅವರು ಒಂದು ಖಾಸಗಿ ಕಂಪನಿಯಲ್ಲಿ ಎಂಜಿನಿಯರ್. ವರ್ಷದ ಸಂಬಳ 18 ಲಕ್ಷ. ಮನೆಯಲ್ಲಿ ಆರು ಜನ. ಅಪ್ಪನಿಗೆ ಹೃದಯದ ಕಾಯಿಲೆ. ಅಮ್ಮನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿದೆ. ಹನ್ನೊಂದು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಒಬ್ಬನೇ ಕೂರಲಾರ. ಮಗಳು ಎಸ್ಸೆಸ್ಸೆಲ್ಸಿ. ಹೆಂಡತಿ ಬಿ.ಎಡ್. ಮಾಡಿದವರು, ಮಗನನ್ನು ಬಿಟ್ಟು ಕೆಲಸಕ್ಕೆ ಹೋಗಲಾಗಿಲ್ಲ. ಔಷಧಿ, ಥೆರಪಿ, ಓಡಾಟ ಎಲ್ಲ ಸೇರಿ ತಿಂಗಳಿಗೆ ಮೂವತ್ತು ಸಾವಿರ ಖರ್ಚು.

ಇನ್ನು ಶಿರಸಿಯ ಮನೆ. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ತಲಾ 12 ಲಕ್ಷ, ಒಟ್ಟು 24 ಲಕ್ಷ. ಮಕ್ಕಳಿನ್ನೂ ಇಲ್ಲ, ಇಬ್ಬರಿಗೂ ಆರೋಗ್ಯ ಚೆನ್ನಾಗಿದೆ.

ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಉಳಿದದ್ದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ ಪ್ರತಿ 4 ಲಕ್ಷಕ್ಕೆ ಕ್ರಮವಾಗಿ ಶೇ. 5, 10, 15, 20, 25. 24 ಲಕ್ಷ ದಾಟಿದ್ದಕ್ಕೆ ಶೇ. 30. ಇದರ ಮೇಲೆ ಒಂದು ರಿಬೇಟ್. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ ಪೂರ್ತಿ ತೆರಿಗೆ ಮನ್ನಾ.

ಕಾರವಾರದವರ 18 ಲಕ್ಷದಲ್ಲಿ 75 ಸಾವಿರ ಕಳೆದರೆ 17.25 ಲಕ್ಷ. ಮೊದಲ 16 ಲಕ್ಷದ ತನಕ ಸ್ಲ್ಯಾಬ್ ಪ್ರಕಾರ 1,20,000 ರೂಪಾಯಿ. ಉಳಿದ 1.25 ಲಕ್ಷಕ್ಕೆ ಶೇ. 20ರಂತೆ 25,000. ಒಟ್ಟು 1,45,000, ಅದಕ್ಕೆ ಶೇ. 4 ಸೆಸ್ ಸೇರಿ 1,50,800.

ಶಿರಸಿಯವರು ಇಬ್ಬರೂ ಬೇರೆ ಬೇರೆ ರಿಟರ್ನ್ ಹಾಕುತ್ತಾರೆ. ತಲಾ 12 ಲಕ್ಷದಲ್ಲಿ 75 ಸಾವಿರ ಕಳೆದರೆ 11.25 ಲಕ್ಷ. 12 ಲಕ್ಷದೊಳಗೇ ಬಂತು. ಗಂಡನಿಗೂ ಸೊನ್ನೆ, ಹೆಂಡತಿಗೂ ಸೊನ್ನೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ, ಯಾವ ಅಂಕಿಯನ್ನೂ ಬಚ್ಚಿಟ್ಟಿಲ್ಲ. ಕಾನೂನು ಹೇಳಿದ್ದನ್ನೇ ಎರಡೂ ಮನೆಯವರು ಮಾಡಿದ್ದಾರೆ.

ಹಾಗಾದರೆ ಕಾನೂನು ನ್ಯಾಯವನ್ನೇ ಮರೆತಿದೆಯಾ? ಇಲ್ಲ. ಅದು ನ್ಯಾಯವನ್ನು ಬೇರೆ ಕಡೆ ನೋಡುತ್ತಿದೆ. ನಮ್ಮ ಆದಾಯ ತೆರಿಗೆಗೆ ಮನೆ ಅನ್ನುವುದು ಕಾಣುವುದೇ ಇಲ್ಲ, ಹಿಂದೂ ಅವಿಭಕ್ತ ಕುಟುಂಬದ ಪ್ರತ್ಯೇಕ ಲೆಕ್ಕವನ್ನು ಬಿಟ್ಟರೆ. ಅದಕ್ಕೆ ಕಾಣುವುದು ಪ್ಯಾನ್ ಕಾರ್ಡ್ ಇರುವ ಒಬ್ಬೊಬ್ಬ ವ್ಯಕ್ತಿ. ಆ ಕಣ್ಣಿನಿಂದ ನೋಡಿದರೆ ಎಲ್ಲ ಸರಿಯಾಗೇ ಇದೆ. 12 ಲಕ್ಷ ಪಡೆಯುವ ಇಬ್ಬರಿಗೂ ಒಂದೇ ತೆರಿಗೆ, ಸಮತಲ ನ್ಯಾಯ ಆಯಿತು. 18 ಲಕ್ಷದವರಿಗೆ 12 ಲಕ್ಷದವರಿಗಿಂತ ಜಾಸ್ತಿ, ಲಂಬ ನ್ಯಾಯವೂ ಆಯಿತು. ಊಟ ಮಾಡುವುದು, ಮದ್ದು ತರುವುದು, ಸಾಲ ತೀರಿಸುವುದು ಎಲ್ಲ ಮನೆಯಾಗಿ. ತೆರಿಗೆ ಮಾತ್ರ ಒಬ್ಬೊಬ್ಬರಾಗಿ. ನಮ್ಮ ಎಂಜಿನಿಯರ್ ಅವರ ಹೊಟ್ಟೆಯುರಿ ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಮನೆಯ ಕಣ್ಣಿನಿಂದ ನೋಡೋಣ. ಆರು ಜನರ ಮನೆಯ 18 ಲಕ್ಷವನ್ನು ಇಬ್ಬರ ಮನೆಯ 24 ಲಕ್ಷದ ಪಕ್ಕ ಹಾಗೇ ಇಟ್ಟರೆ ಹೋಲಿಕೆ ತಪ್ಪಾಗುತ್ತದೆ. ಆರರಿಂದ ಭಾಗಿಸಿದರೂ ತಪ್ಪೇ. ಇಬ್ಬರಿಗೊಂದು ಫ್ರಿಜ್ ಬೇಕು, ಆರು ಜನಕ್ಕೂ ಒಂದೇ ಸಾಕು. ಇಬ್ಬರಿಗೆ ಮಾಡುವ ಸಾರಿಗೆ ಎಷ್ಟು ಗ್ಯಾಸ್ ಬೇಕೋ ಆರು ಜನರ ಸಾರಿಗೆ ಅದರ ಮೂರು ಪಟ್ಟು ಬೇಕಾಗುವುದಿಲ್ಲ. ಇದನ್ನು ಲೆಕ್ಕಕ್ಕೆ ತರಲು ಅರ್ಥಶಾಸ್ತ್ರಜ್ಞರು ಮನೆಯ ಆದಾಯವನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತಾರೆ. ಒಇಸಿಡಿ ಸಂಸ್ಥೆಯ ವರದಿಗಳಲ್ಲೂ ಈ ವಿಧಾನ ಬಳಕೆಯಲ್ಲಿದೆ. ಇದು ಒರಟು ಅಳತೆ, ಆದರೆ ಎರಡು ಮನೆಗಳನ್ನು ಒಂದೇ ತಕ್ಕಡಿಗೆ ತರಲು ಸಾಕು.

ಕಾರವಾರದ 18 ಲಕ್ಷದಲ್ಲಿ ತೆರಿಗೆ ಒಂದೂವರೆ ಲಕ್ಷ ಹೋಯಿತು. ಆರೈಕೆಯ ಖರ್ಚು ವರ್ಷಕ್ಕೆ 3.6 ಲಕ್ಷ. ಅದನ್ನು ಅವರ ಸುಖಕ್ಕೆ ಖರ್ಚಾದ ದುಡ್ಡು ಅನ್ನಲಾಗುವುದಿಲ್ಲ, ಅದನ್ನೂ ಕಳೆಯೋಣ. ಉಳಿದದ್ದು ಸುಮಾರು 12.9 ಲಕ್ಷ. ಆರರ ವರ್ಗಮೂಲ 2.45. ಭಾಗಿಸಿದರೆ ಹೆಚ್ಚು ಕಡಿಮೆ ಐದೂಕಾಲು ಲಕ್ಷ. ಶಿರಸಿಯ 24 ಲಕ್ಷವನ್ನು ಎರಡರ ವರ್ಗಮೂಲ 1.41ರಿಂದ ಭಾಗಿಸಿದರೆ 17 ಲಕ್ಷ. ಅಂದರೆ ಬದುಕಿನ ಮಟ್ಟದಲ್ಲಿ ಶಿರಸಿಯ ಮನೆ ಕಾರವಾರದ್ದಕ್ಕಿಂತ ಮೂರು ಪಟ್ಟಿಗೂ ಮೇಲಿದೆ. ತೆರಿಗೆ ಕಟ್ಟಿದ್ದು ಕೆಳಗಿನ ಮೆಟ್ಟಿಲಿನವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಕಾರವಾರದ ಮನೆಯಲ್ಲಿ ಹೆಂಡತಿ ಬೆಳಿಗ್ಗೆಯಿಂದ ರಾತ್ರಿವರೆಗೆ ದುಡಿಯುತ್ತಾರೆ. ಅಡುಗೆ, ಅತ್ತೆಯ ಆರೈಕೆ, ಮಗನಿಗೆ ಸ್ನಾನ, ವ್ಯಾಯಾಮ. ಇದನ್ನೇ ದುಡ್ಡು ಕೊಟ್ಟು ಮಾಡಿಸಿದ್ದರೆ ದೊಡ್ಡ ಮೊತ್ತವೇ ಆಗುತ್ತಿತ್ತು. ಈ ದುಡಿಮೆಗೆ ಸಂಬಳ ಇಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ಶಿರಸಿಯವರು ಅಡುಗೆಗೆ ಜನ ಇಟ್ಟುಕೊಂಡು ಕೈಯಿಂದ ಸಂಬಳ ಕೊಡುತ್ತಾರೆ. ಹಾಗಾಗಿ ಒಂದೇ ಸಂಬಳದ ಮನೆ ನಗದಿನಲ್ಲಿ ಕಾಣುವಷ್ಟು ಬಡ ಅಲ್ಲ ಅನ್ನುವ ವಾದ ಇದೆ. ಎಷ್ಟೋ ಮನೆಗಳಿಗೆ ಇದು ಹೊಂದುತ್ತದೆ. ಈ ಮನೆಗೆ ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ಆ ತಾಯಿ ಮನೆಯಲ್ಲಿ ಉಳಿದದ್ದು ಆಯ್ಕೆಯಿಂದಲ್ಲ. ಅವರ ದುಡಿಮೆ ಮನೆಗೆ ಸಿಕ್ಕ ಲಾಭ ಅಲ್ಲ, ಕೈತಪ್ಪಿದ ಸಂಬಳ.

ಹಾಗಾದರೆ ಗಂಡ ಹೆಂಡತಿಯ ಆದಾಯ ಕೂಡಿಸಿ ತೆರಿಗೆ ಹಾಕಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಬಹಳ ವರ್ಷ ಹಾಗೇ ಅನ್ನಿಸುತ್ತಿತ್ತು. ಜರ್ಮನಿಯಲ್ಲಿ 1958ರಿಂದ ದಂಪತಿಯ ಆದಾಯ ಕೂಡಿಸಿ, ಎರಡು ಪಾಲು ಮಾಡಿ ತೆರಿಗೆ ಹಾಕುವ ಪದ್ಧತಿ ಇದೆ. ಫ್ರಾನ್ಸಿನಲ್ಲಿ 1945ರಿಂದ ಮಕ್ಕಳನ್ನೂ ಪಾಲುಗಳಾಗಿ ಎಣಿಸುತ್ತಾರೆ. ಬ್ರಿಟನ್ ಮಾತ್ರ 1990ರಲ್ಲಿ ದಂಪತಿಯ ಲೆಕ್ಕ ಬಿಟ್ಟು ವ್ಯಕ್ತಿಯ ಲೆಕ್ಕಕ್ಕೆ ಬಂತು. ದೇಶಗಳು ಎರಡೂ ಕಡೆ ಓಡಾಡುತ್ತಿವೆ ಅಂದರೆ ಅದಕ್ಕೆ ಕಾರಣ ಇರಲೇಬೇಕು.

ಆ ಕಾರಣ ಇದು. ನಮಗೆ ಮೂರು ಆಸೆ ಇವೆ. ಆದಾಯ ಹೆಚ್ಚಾದಂತೆ ತೆರಿಗೆಯ ದರವೂ ಹೆಚ್ಚಬೇಕು. ಒಂದೇ ಆದಾಯದ ಎರಡು ದಂಪತಿಗಳು ಒಂದೇ ತೆರಿಗೆ ಕಟ್ಟಬೇಕು. ಮದುವೆ ಆದ ಮಾತ್ರಕ್ಕೆ ಯಾರ ತೆರಿಗೆಯೂ ಏರಬಾರದು, ಇಳಿಯಬಾರದು. ಮೂರೂ ಒಳ್ಳೆಯ ಆಸೆಗಳೇ. ಆದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಸರ್ಕಾರದ ಮನಸ್ಸು ಸರಿ ಇಲ್ಲ ಅಂತಲ್ಲ, ಲೆಕ್ಕವೇ ಬಿಡುವುದಿಲ್ಲ.

ಪರೀಕ್ಷೆ ಮಾಡಿ ನೋಡೋಣ. ಮದುವೆಗೆ ಮುಂಚೆ ಶಿರಸಿಯ ಇಬ್ಬರೂ ತಲಾ 12 ಲಕ್ಷಕ್ಕೆ ಸೊನ್ನೆ ತೆರಿಗೆಯವರು. ಮದುವೆಯಿಂದ ಬದಲಾಗಬಾರದು ಅಂದರೆ ಆಮೇಲೂ ಸೊನ್ನೆ. ಈಗ ಕುಮಟಾದಲ್ಲಿ ಒಬ್ಬರು ಒಂಟಿಯಾಗಿ 24 ಲಕ್ಷ ದುಡಿಯುತ್ತಾರೆ ಅಂತ ಇಟ್ಟುಕೊಳ್ಳಿ. ಸ್ಲ್ಯಾಬ್ ಏರುತ್ತಾ ಹೋಗಿ ಅವರ ತೆರಿಗೆ ಸೆಸ್ ಸೇರಿ 2,92,500 ಆಗುತ್ತದೆ. ಅವರು ದುಡಿಮೆ ಇಲ್ಲದವರನ್ನು ಮದುವೆ ಆದರು. ಮದುವೆಯಿಂದ ಬದಲಾಗಬಾರದು ಅಂದರೆ ಆಮೇಲೂ ಅಷ್ಟೇ. ಎರಡೂ ದಂಪತಿಗಳ ಆದಾಯ 24 ಲಕ್ಷ. ಒಂದು ಮನೆಗೆ ಸೊನ್ನೆ, ಇನ್ನೊಂದಕ್ಕೆ ಸುಮಾರು ಮೂರು ಲಕ್ಷ. ಇದನ್ನು ಸಮ ಮಾಡಲು ಎರಡೇ ದಾರಿ. ಎಲ್ಲರಿಗೂ ಒಂದೇ ದರ ಇಡಬೇಕು, ಆಗ ಏರುವ ದರದ ಲಂಬ ನ್ಯಾಯ ಹೋಗುತ್ತದೆ. ಇಲ್ಲಾ ಮದುವೆಗೆ ತೆರಿಗೆಯಲ್ಲಿ ಲಾಭ ಅಥವಾ ನಷ್ಟ ಅಂಟಿಸಬೇಕು. ಭಾರತ ಏರುವ ದರವನ್ನು ಇಟ್ಟುಕೊಂಡಿದೆ, ಮದುವೆಯ ವಿಷಯದಲ್ಲಿ ತಟಸ್ಥವಾಗಿದೆ. ಬಿಟ್ಟುಕೊಟ್ಟಿದ್ದು ಮನೆ ಮನೆಗಳ ನಡುವಿನ ಸಮತಲ ನ್ಯಾಯವನ್ನು.

ಕೂಡಿಸಿ ಪಾಲು ಮಾಡುವ ಪದ್ಧತಿಗೆ ಇನ್ನೊಂದು ತೊಂದರೆ ಇದೆ, ನನ್ನ ಮನಸ್ಸು ಬದಲಾಗಿದ್ದು ಅದರಿಂದಲೇ. ಕುಮಟಾದ ಅದೇ ಮನೆಯನ್ನು ಆ ಪದ್ಧತಿಗೆ ಹಾಕೋಣ. 24 ಲಕ್ಷ ಎರಡು ಪಾಲಾದರೆ ತಲಾ 12, ಇಂದಿನ ದರದಲ್ಲಿ ತೆರಿಗೆ ಸೊನ್ನೆ. ಈಗ ಹೆಂಡತಿಗೆ ವರ್ಷಕ್ಕೆ 6 ಲಕ್ಷದ ಕೆಲಸ ಸಿಕ್ಕಿತು. ಒಟ್ಟು 30, ತಲಾ 15 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೂ ಇಬ್ಬರೂ 12 ಲಕ್ಷದ ಗೆರೆ ದಾಟಿದರು, ರಿಬೇಟ್ ಹೋಯಿತು. ಮನೆಯ ತೆರಿಗೆ 1,95,000. ಅವಳ 6 ಲಕ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ತೆರಿಗೆಗೇ ಹೋದ ಹಾಗೆ. ಇವತ್ತಿನ ಪದ್ಧತಿಯಲ್ಲಿ ಅವಳ 6 ಲಕ್ಷಕ್ಕೆ ಒಂದು ಪೈಸೆ ತೆರಿಗೆ ಇಲ್ಲ. "ನೀ ಕೆಲಸಕ್ಕೆ ಹೋಗಿ ಎಂಥ ಮಾಡ್ತೆ, ಅರ್ಧ ಬಸ್ಸಿಗೆ, ಅರ್ಧ ತೆರಿಗೆಗೆ" ಅಂತ ಮನೆಯಲ್ಲಿ ಮಾತು ಬರಲಿಕ್ಕೆ ಇಷ್ಟು ಸಾಕು. ಹೆಣ್ಣುಮಕ್ಕಳ ದುಡಿಮೆಗೆ ಅಡ್ಡ ಬರುವ ನ್ಯಾಯ ನನಗೆ ಬೇಡ ಅನ್ನಿಸುತ್ತದೆ.

ಹಾಗಾಗಿ ವ್ಯಕ್ತಿಗೆ ತೆರಿಗೆ ಹಾಕುವುದು ಇರಲಿ. ಶಿರಸಿಯ ದಂಪತಿ ತಪ್ಪಿತಸ್ಥರಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. 18 ಲಕ್ಷ ಪಡೆಯುವ ಇನ್ನೊಬ್ಬ ಎಂಜಿನಿಯರ್ ಅದೇ ಕಾರವಾರದಲ್ಲಿದ್ದಾರೆ, ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ ಅಂತ ಇಟ್ಟುಕೊಳ್ಳಿ. ಅವರ ತೆರಿಗೆಯೂ 1,50,800. ಈ ಇಬ್ಬರೂ ಸಮಾನರಾ? ಸಂಬಳದಲ್ಲಿ ಹೌದು, ತೆರಿಗೆ ಕಟ್ಟುವ ಶಕ್ತಿಯಲ್ಲಿ ಖಂಡಿತ ಅಲ್ಲ. ನನ್ನ ಪ್ರಕಾರ ನಿಜವಾದ ತಪ್ಪು ಇಲ್ಲಿದೆ. ಅಗತ್ಯವನ್ನು ನೋಡದೆ ಇಬ್ಬರನ್ನು ಸಮಾನರು ಅಂದುಬಿಟ್ಟಿದ್ದೇವೆ.

ಹಳೇ ಪದ್ಧತಿ ಅಗತ್ಯವನ್ನು ನೋಡುತ್ತದೆ. ಅವಲಂಬಿತರಿಗೆ ಶೇ. 40ರಷ್ಟು ಅಂಗವಿಕಲತೆ ಇದ್ದರೆ 80ಡಿಡಿ ಸೆಕ್ಷನ್ನಿನಲ್ಲಿ 75 ಸಾವಿರ ಕಡಿತ. ಶೇ. 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1.25 ಲಕ್ಷ. ಎಷ್ಟು ಖರ್ಚಾಯಿತು ಅಂತ ಬಿಲ್ಲು ಕೇಳುವುದಿಲ್ಲ, ಸರ್ಟಿಫಿಕೇಟು ಇದ್ದರೆ ಪೂರ್ತಿ ಸಿಗುತ್ತದೆ. ಅಮ್ಮನ ಕಿಡ್ನಿ ಕಾಯಿಲೆಗೆ 80ಡಿಡಿಬಿಯಲ್ಲಿ 1 ಲಕ್ಷದ ತನಕ, ಇದಕ್ಕೆ ತಜ್ಞ ವೈದ್ಯರ ಚೀಟಿ ಬೇಕು. ವಿಮೆ ಇಲ್ಲದ ಹಿರಿಯರ ಬೇರೆ ವೈದ್ಯಕೀಯ ಖರ್ಚಿಗೆ 80ಡಿಯಲ್ಲಿ 50 ಸಾವಿರದ ತನಕ. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸುವಂತಿಲ್ಲ. ಅಪ್ಪನ ಹೃದಯದ ಮದ್ದನ್ನು ಇಲ್ಲಿಗೆ ಹಾಕಿದೆವು. ಪಿಎಫ್, ಎಲ್‌ಐಸಿಗೆ 1.5 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ.

ಎಲ್ಲ ಕಳೆದರೆ ಉಳಿದದ್ದು 13.25 ಲಕ್ಷ. ಅವರ ಮುಖದಲ್ಲಿ ಸ್ವಲ್ಪ ಕಳೆ ಬಂತು. ಆದರೆ ಹಳೇ ಪದ್ಧತಿಯ ದರಗಳೇ ಬೇರೆ. 5 ಲಕ್ಷ ದಾಟಿದರೆ ಶೇ. 20, 10 ಲಕ್ಷ ದಾಟಿದರೆ ಶೇ. 30. ಲೆಕ್ಕ ಮಾಡಿದರೆ ಸೆಸ್ ಸೇರಿ 2,18,400. ಹೊಸದಕ್ಕಿಂತ 67,600 ರೂಪಾಯಿ ಜಾಸ್ತಿ! ಅಗತ್ಯವನ್ನು ನೋಡುವ ಪದ್ಧತಿ ದುಬಾರಿ, ಅಗ್ಗದ ಪದ್ಧತಿಯಲ್ಲಿ ಈ ಮೂರು ಕಡಿತಗಳಿಗೂ ಜಾಗ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಖರ್ಚು ಇದ್ದರೆ "ಕಡಿತ ಜಾಸ್ತಿ ಇದೆ, ಹಳೇದೇ ಒಳ್ಳೇದು" ಅಂತ ಸುಮ್ನೆ ಅಂದುಕೊಳ್ಳಬೇಡಿ. ಎರಡರಲ್ಲೂ ಲೆಕ್ಕ ಮಾಡಿಸಿ ನೋಡಿ.

ಹಾಗಂತ ಹಳೇ ಕಡಿತಗಳನ್ನು ಹಾಗೇ ಹೊಸದಕ್ಕೆ ತಂದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. 80ಡಿಡಿಯ ಮೊತ್ತ ಕೊನೆಯ ಸಲ ಏರಿದ್ದು 2015ರಲ್ಲಿ. ಅದು ಒಂದು ಮಾತು. ಅದಕ್ಕಿಂತ ದೊಡ್ಡ ತೊಂದರೆ ಕಡಿತ ಅನ್ನುವ ಉಪಾಯದಲ್ಲೇ ಇದೆ. ಶೇ. 30ರ ಸ್ಲ್ಯಾಬಿನಲ್ಲಿರುವವರಿಗೆ 1.25 ಲಕ್ಷದ ಕಡಿತದಿಂದ ಸೆಸ್ ಸೇರಿ 39,000 ರೂಪಾಯಿ ಉಳಿಯುತ್ತದೆ. ಶೇ. 20ರಲ್ಲಿರುವವರಿಗೆ 26,000. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟು ಕೂರುವ ತಾಯಿಗೂ ಇಂಥದೇ ಮಗ ಇದ್ದರೆ? ಅವಳಿಗೆ ತೆರಿಗೆಯೇ ಇಲ್ಲ, ಹಾಗಾಗಿ ಉಳಿಯುವುದೂ ಸೊನ್ನೆ. ಮಗು ಒಂದೇ ಥರ, ಗಾಲಿಕುರ್ಚಿಯ ಬೆಲೆ ಒಂದೇ. ಸಂಬಳ ಜಾಸ್ತಿ ಇದ್ದಷ್ಟೂ ಸಹಾಯ ಜಾಸ್ತಿ. ಸಮತಲ ನ್ಯಾಯ ಸರಿಪಡಿಸಲು ಹೋಗಿ ಲಂಬ ನ್ಯಾಯ ಮುರಿದ ಹಾಗೆ.

ಇದಕ್ಕೆ ಪರಿಹಾರ ಇದೆ. ಆದಾಯದಿಂದ ಕಳೆಯುವ ಬದಲು ತೆರಿಗೆಯಿಂದಲೇ ಒಂದು ನಿಗದಿತ ಮೊತ್ತ ಕಳೆಯಬೇಕು, 12 ಲಕ್ಷದೊಳಗಿನವರಿಗೆ ಕೊಡುವ ರಿಬೇಟ್ ಇದ್ದ ಹಾಗೆ. ತೀವ್ರ ಅಂಗವಿಕಲತೆ ಇರುವ ಮಗುವಿಗೆ 40 ಸಾವಿರ ಅಂತ ಇಟ್ಟರೆ ಯಾವ ಸ್ಲ್ಯಾಬಿನವರಿಗೂ 40 ಸಾವಿರವೇ. ತೆರಿಗೆ ಅಷ್ಟಿಲ್ಲದವರಿಗೆ ಉಳಿದದ್ದನ್ನು ಖಾತೆಗೆ ಹಾಕಬೇಕು. ಈ ಕೊನೆಯ ಮಾತು ಇಲ್ಲದೆ ಹೋದರೆ ಮೀನು ಬುಟ್ಟಿಯ ತಾಯಿ ಮತ್ತೆ ಹೊರಗೇ ಉಳಿಯುತ್ತಾಳೆ. ಅಗತ್ಯವನ್ನು ನೋಡುವುದು ನಮಗೆ ಹೊಸದೂ ಅಲ್ಲ. 1955ರ ಬಜೆಟ್ಟಿನಲ್ಲಿ ಮದುವೆಯಾದವರಿಗೆ 2,000 ರೂಪಾಯಿ, ಆಗದವರಿಗೆ 1,000 ರೂಪಾಯಿ ಅಂತ ತೆರಿಗೆ ವಿನಾಯಿತಿಯ ಮಿತಿ ಬೇರೆ ಬೇರೆ ಇಟ್ಟಿದ್ದರು.

ಶಿರಸಿ ಕಡೆಯ ಓದುಗರು ಒಂದು ಮಾತು ಕೇಳಿಯೇ ಕೇಳುತ್ತಾರೆ, ತೋಟದ ಆದಾಯದ ಕಥೆ ಏನು ಅಂತ. ಅಡಿಕೆಯಿಂದ ಬಂದ 18 ಲಕ್ಷಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೇರೆ ಆದಾಯವೂ ಇದ್ದರೆ ಅದರ ದರ ನಿಗದಿ ಮಾಡಲು ಮಾತ್ರ ತೋಟದ ಆದಾಯವನ್ನು ಸೇರಿಸಿ ನೋಡುತ್ತಾರೆ. ಮೊತ್ತ ಒಂದೇ ಇದ್ದೂ ಮೂಲ ಬೇರೆ ಅನ್ನುವ ಕಾರಣಕ್ಕೆ ತೆರಿಗೆ ಬೇರೆ. ಇದೂ ಸಮತಲ ನ್ಯಾಯದ ಪ್ರಶ್ನೆಯೇ. ಆದರೆ ಕೊಳೆರೋಗ ಬಂದ ವರ್ಷ ಅದೇ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿಯೂ ಹುಟ್ಟದೇ ಇರಬಹುದು. ಒಂದು ವರ್ಷದ ಆದಾಯವನ್ನು ತಿಂಗಳ ಸಂಬಳದ ಪಕ್ಕ ಇಟ್ಟು ಸಮಾನ ಅನ್ನುವುದು ಅಷ್ಟು ಸುಲಭ ಅಲ್ಲ. ಅದಕ್ಕೆ ಬೇರೆಯೇ ಒಂದು ಲೇಖನ ಬೇಕು.

ಮತ್ತೆ ನಮ್ಮ ಎಂಜಿನಿಯರ್ ಅವರ ಕವರಿಗೆ ಬರುತ್ತೇನೆ. ಹೊಸ ಪದ್ಧತಿಯಲ್ಲೂ ಒಂದು ಕಡಿತ ಉಳಿದಿದೆ ಅಂತ ಅವರಿಗೆ ಹೇಳಿದೆ. ಕಂಪನಿಯೇ ಅವರ ಎನ್‌ಪಿಎಸ್ ಪಿಂಚಣಿ ಖಾತೆಗೆ ಮೂಲ ವೇತನದ ಶೇ. 14ರ ತನಕ ಹಾಕಿದರೆ ಅಷ್ಟಕ್ಕೆ ತೆರಿಗೆ ಇಲ್ಲ. ಅವರ ಮೂಲ ವೇತನ 9 ಲಕ್ಷ. ಮುಂದಿನ ವರ್ಷದಿಂದ ಸಂಬಳದಲ್ಲೇ 1.26 ಲಕ್ಷವನ್ನು ಆ ಕಡೆ ತಿರುಗಿಸಿಕೊಂಡರೆ ಸುಮಾರು 26 ಸಾವಿರ ತೆರಿಗೆ ಉಳಿಯುತ್ತದೆ. ಅವರು ಕಾಗದದ ಮೇಲಿನ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಆ ದುಡ್ಡು ಕೈಗೆ ಯಾವಾಗ ಸಿಗ್ತದೆ?"

"ರಿಟೈರ್ ಆದ ಮೇಲೆ."

"ಅಮ್ಮನ ಡಯಾಲಿಸಿಸ್ ವಾರಕ್ಕೆ ಮೂರು ಸಲ ಇದೆ ಸರ್."

ಶಿರಸಿಯ ಭಾವ ಇದನ್ನು ಸಲೀಸಾಗಿ ಮಾಡಬಲ್ಲರು. ಅವರಿಗೆ ಅದರ ಅಗತ್ಯವೇ ಇಲ್ಲ, ತೆರಿಗೆ ಹೇಗೂ ಸೊನ್ನೆ. ಹೊಸ ಪದ್ಧತಿಯಲ್ಲೇ ರಿಟರ್ನ್ ಹಾಕಿದೆವು. ಅಂಗವಿಕಲತೆಯ ಸರ್ಟಿಫಿಕೇಟು ಎಲ್ಲಿ ಹಾಕುತ್ತೀರಿ ಅಂತ ಅವರು ಕೇಳಿದರು. ಈ ಸಲ ಅದಕ್ಕೆ ಎಲ್ಲೂ ಜಾಗ ಇಲ್ಲ ಅಂದೆ. ಅದನ್ನು ನಾಲ್ಕು ಮಡಿಕೆ ಮಾಡಿ, ಉಳಿದ ಬಿಲ್ಲುಗಳ ಜೊತೆ ಕವರಿಗೆ ಹಾಕಿಕೊಂಡು, ಕೊಡೆ ತೆಗೆದುಕೊಂಡು ಹೊರಟರು.